ತಂದೆಯ ಅಂತ್ಯಕ್ರಿಯೆಗಾಗಿ ಮಗನಿಗೆ ತುರ್ತು ಪೆರೋಲ್ ಕೋರಿ ಅರ್ಜಿ

ಗೌರವಾನ್ವಿತ ಕರ್ನಾಟಕ ಉಚ್ಚ ನ್ಯಾಯಾಲಯ, ಬೆಂಗಳೂರು
ದಿನಾಂಕ: 14-07-2025

ಅರ್ಜಿದಾರಳು: ಲಕ್ಷ್ಮಮ್ಮ, 58 ವರ್ಷ, ಬನಶಂಕರಿ

ಸಂವಿಧಾನದ 226ನೇ ವಿಧಿಯ ಅಡಿಯಲ್ಲಿ ಸಲ್ಲಿಸುವ ವಿನಮ್ರ ಅರ್ಜಿ:

ನನ್ನ ಪತಿ ಸಿದ್ದಪ್ಪನವರು ನಿನ್ನೆ ರಾತ್ರಿ 11 ಗಂಟೆಗೆ ಹೃದಯಾಘಾತದಿಂದ ತೀರಿಕೊಂಡರು. ವೈದ್ಯರ ಮರಣ ದೃಢೀಕರಣ ಪತ್ರವನ್ನು ಲಗತ್ತಿಸಿದ್ದೇನೆ. ನಮ್ಮ ಒಬ್ಬನೇ ಮಗ ಮಂಜುನಾಥ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಏಳು ವರ್ಷಗಳ ಶಿಕ್ಷೆ ಅನುಭವಿಸುತ್ತಿದ್ದಾನೆ. ನಾಲ್ಕು ವರ್ಷ ಮುಗಿದಿವೆ. ಕಾರಾಗೃಹದ ಅಧೀಕ್ಷಕರಿಗೂ ಇಂದು ಬೆಳಗ್ಗೆ ಮನವಿ ಕೊಟ್ಟಿದ್ದೇವೆ.

ಮಗನ ತಪ್ಪನ್ನು ನಾನು ಮುಚ್ಚಿಡುತ್ತಿಲ್ಲ. ಆದರೆ 2023ರಲ್ಲಿ ತಂಗಿಯ ಮದುವೆಗೆಂದು ಪೆರೋಲ್ ಮೇಲೆ ಬಂದವನು ಅವಧಿಗೆ ಒಂದು ದಿನ ಮೊದಲೇ ಹಿಂದಿರುಗಿದ್ದ. ಅವನನ್ನು ಕಾರಾಗೃಹದ ಬಾಗಿಲವರೆಗೆ ಬಿಟ್ಟುಬಂದವರು ಅವನ ತಂದೆಯೇ.

ಶವವನ್ನು ಶೀತಪೆಟ್ಟಿಗೆಯಲ್ಲಿ ಇರಿಸಿದ್ದೇವೆ. ನಾಳೆ ಮಧ್ಯಾಹ್ನ 2 ಗಂಟೆಗೆ ಬನಶಂಕರಿಯ ಚಿತಾಗಾರದಲ್ಲಿ ಅಂತ್ಯಕ್ರಿಯೆ. ಕೊಳ್ಳಿ ಇಡಬೇಕಾದವನು ಅವನೇ. ಅಳಿಯ ಇದ್ದಾನೆ, ನಿಜ. ಆದರೆ ಮಗ ಬದುಕಿರುವಾಗ ಆ ಕೆಲಸವನ್ನು ಬೇರೆಯವರಿಂದ ಮಾಡಿಸಲು ನನಗೆ ಮನಸ್ಸು ಬಾರದು.

ಆದ್ದರಿಂದ, ಈ ಅರ್ಜಿಯನ್ನು ಇಂದೇ ವಿಚಾರಣೆಗೆ ತೆಗೆದುಕೊಂಡು, ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಅವನಿಗೆ ತುರ್ತು ಪೆರೋಲ್ ನೀಡಬೇಕೆಂದು ಪ್ರಾರ್ಥಿಸುತ್ತೇನೆ. ಅದು ಸಾಧ್ಯವಾಗದಿದ್ದಲ್ಲಿ, ನಾಳೆ ಕೆಲವು ಗಂಟೆಗಳ ಮಟ್ಟಿಗಾದರೂ ಪೊಲೀಸ್ ಬೆಂಗಾವಲಿನಲ್ಲಿ ಕಳುಹಿಸಿಕೊಡಬೇಕು. ನಾನೂ ಅಳಿಯನೂ ಜಾಮೀನು ನಿಲ್ಲುತ್ತೇವೆ. ನ್ಯಾಯಾಲಯ ವಿಧಿಸುವ ಷರತ್ತುಗಳಿಗೆ ಬದ್ಧರಾಗಿದ್ದೇವೆ.

ಮೇಲಿನ ಸಂಗತಿಗಳು ನನ್ನ ತಿಳಿವಳಿಕೆಯಂತೆ ಸತ್ಯವಾಗಿವೆ.

ಸ್ಥಳ: ಬೆಂಗಳೂರು
ಲಕ್ಷ್ಮಮ್ಮ (ಎಡಗೈ ಹೆಬ್ಬೆಟ್ಟಿನ ಗುರುತು)