ಬೋಟಿನ ಮೀನು ಸ್ಟೋರ್‌ಗೆ ಉಷ್ಣತಾ ಮಾಪಕ: ಏಂಜೆಲ್ ಹೂಡಿಕೆದಾರರ ಮುಂದೆ ಐದು ನಿಮಿಷದ ಮಂಡನೆ

ಮಾನ್ಯ ಹೂಡಿಕೆದಾರರಿಗೆ ನಮಸ್ಕಾರ.

ನಾನು ಮಲ್ಪೆಯವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನ ಅಂತಿಮ ವರ್ಷದ ವಿದ್ಯಾರ್ಥಿ. ನನ್ನ ಮಾವನಿಗೆ ಆಳಸಮುದ್ರಕ್ಕೆ ಹೋಗುವ ಒಂದು ಟ್ರಾಲ್ ಬೋಟ್ ಇದೆ. ಎರಡು ವರ್ಷಗಳ ಹಿಂದೆ, ಅಕ್ಟೋಬರಿನ ಒಂದು ಬೆಳಗ್ಗೆ, ಹತ್ತು ದಿನಗಳ ಮೀನುಗಾರಿಕೆ ಮುಗಿಸಿ ಬಂದ ಆ ಬೋಟಿನಿಂದ ದಕ್ಕೆಯಲ್ಲಿ ಮೀನು ಇಳಿಸುವುದನ್ನು ನಾನು ನಿಂತು ನೋಡುತ್ತಿದ್ದೆ. ಮೀನು ತುಂಬುವ ಸ್ಟೋರಿನ ಮೇಲಿನ ಪದರದ ಮದ್ಮಲ್ ಮೀನು ಗಟ್ಟಿಯಾಗಿ ಹೊಳೆಯುತ್ತಿತ್ತು. ತಳದಲ್ಲಿ, ಎಂಜಿನ್ ಕೋಣೆಯ ಗೋಡೆಗೆ ತಾಗಿಕೊಂಡಿದ್ದ ಮೀನನ್ನು ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿಯುತ್ತಿತ್ತು. ಸುರಿಮಿ ಎಂಬ ಮೀನಿನ ಪೇಸ್ಟ್ ತಯಾರಿಕೆಗೆ ಹೋಗಬೇಕಾಗಿದ್ದ 14 ಬಾಕ್ಸ್ ಮೀನು ಆ ದಿನ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತಿತು; ಮಾವ ಲೆಕ್ಕ ಹಾಕಿದಾಗ ಆ ಒಂದೇ ಟ್ರಿಪ್ಪಿನಲ್ಲಿ 21,000 ರೂಪಾಯಿ ಕೈಬಿಟ್ಟಿತ್ತು.

ಐಸ್ ಕಡಿಮೆಯಾಗಿರಲಿಲ್ಲ. ಅದು ಬೇಕಾದ ಜಾಗದಲ್ಲಿ ಇರಲಿಲ್ಲ. ಎಂಜಿನ್ ಕೋಣೆಯ ಬಿಸಿ ಗೋಡೆ ದಾಟಿ ಬರುವುದರಿಂದ ಆ ಬದಿಯ ಐಸ್ ಬೇಗ ಕರಗುತ್ತದೆ. ಎರಡನೆಯ ದಿನ ತುಂಬಿದ ಮೀನಿನ ಮೇಲೆ ಎಂಟು ದಿನಗಳ ಮೀನು ಕೂತಿರುವಾಗ ಬೋಟ್ ನಡೆಸುವ ಅನುಭವಿ ತಾಂಡೇಲನ ಕೈ ಕೂಡ ಮೇಲಿನ ಪದರಕ್ಕಷ್ಟೇ ತಲುಪುತ್ತದೆ. ಶೂನ್ಯ ಡಿಗ್ರಿಯಲ್ಲಿಟ್ಟ ಮೀನಿಗೆ ಹೋಲಿಸಿದರೆ 10 ಡಿಗ್ರಿಯಲ್ಲಿರುವ ಮೀನು ಸುಮಾರು ನಾಲ್ಕು ಪಟ್ಟು ವೇಗವಾಗಿ ಕೆಡುತ್ತದೆ. ಬಂಗುಡೆಯಂಥ ಮೀನಿನಲ್ಲಿ ಇನ್ನೊಂದು ತೊಂದರೆಯೂ ಇದೆ: ತಂಪು ತಪ್ಪಿದರೆ ಹಿಸ್ಟಮಿನ್ ಉತ್ಪತ್ತಿಯಾಗುತ್ತದೆ, ಒಮ್ಮೆ ಆದ ಮೇಲೆ ಬೇಯಿಸಿದರೂ ಹೋಗುವುದಿಲ್ಲ, ರಫ್ತಿನ ಪರೀಕ್ಷೆಯಲ್ಲಿ ಸರಕು ತಿರಸ್ಕೃತವಾಗಬಹುದು.

ನಾವು ಮೂವರು ಸಹಪಾಠಿಗಳು ಸೇರಿ ಮಾಡಿದ ಸಾಧನದಲ್ಲಿ ಉಷ್ಣತೆ ಅಳೆಯುವ ನಾಲ್ಕು ಕಡ್ಡಿಗಳಿವೆ. ಎರಡನ್ನು ಎಂಜಿನ್ ಬದಿಯ ಗೋಡೆಗೆ, ಒಂದನ್ನು ತಳಕ್ಕೆ, ಒಂದನ್ನು ಬಾಗಿಲಿನ ಕೆಳಗೆ ಕೂರಿಸುತ್ತೇವೆ. ಯಾವುದೇ ಜಾಗ 4 ಡಿಗ್ರಿ ದಾಟಿದರೆ ಬೋಟ್ ನಡೆಸುವ ಕೋಣೆಯಾದ ವೀಲ್‌ಹೌಸಿನಲ್ಲಿ ಆ ಜಾಗದ ಕೆಂಪು ದೀಪ ಉರಿಯುತ್ತದೆ, ತಾಂಡೇಲ ಆ ಬದಿಗೆ ಐಸ್ ಹಾಕಿಸುತ್ತಾನೆ. ಆಳಸಮುದ್ರದಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲದ ಕಾರಣ ದಾಖಲೆ ಸಾಧನದೊಳಗೇ ಉಳಿದು, ಬೋಟ್ ದಕ್ಕೆಗೆ ಬಂದ ಮೇಲೆ ಮಾಲಕರ ಫೋನಿಗೆ ಇಳಿಯುತ್ತದೆ. ಇದನ್ನು ಸರಳವಾಗಿಡಲು ನಾವು ತುಂಬಾ ಶ್ರಮಪಟ್ಟಿದ್ದೇವೆ, ಏಕೆಂದರೆ ರಾತ್ರಿಯಿಡೀ ಬಲೆ ಎಳೆದು ದಣಿದವರಿಗೆ ಪರದೆಯ ಮೇಲಿನ ನಕ್ಷೆಗಳನ್ನು ಓದುವ ಪುರುಸೊತ್ತು ಇರುವುದಿಲ್ಲ.

ಮೊದಲ ಮಾದರಿ ಎರಡೇ ಟ್ರಿಪ್ಪಿಗೆ ಸತ್ತಿತು. ಬಿಚ್ಚಿ ನೋಡಿದರೆ ವೈರು ಒಳಹೋಗುವ ತೂತಿನಿಂದ ಉಪ್ಪುನೀರು ಇಳಿದು ತಾಮ್ರದ ಗೆರೆಗಳೆಲ್ಲ ಹಸಿರಾಗಿದ್ದವು. ಈಗ ಇಡೀ ಬೋರ್ಡನ್ನು ಎಪಾಕ್ಸಿಯಲ್ಲಿ ಮುಳುಗಿಸಿ ಮುಚ್ಚುತ್ತೇವೆ, ಐಸ್ ಸುರಿಯುವಾಗ ಜಜ್ಜಿಹೋಗದಂತೆ ಕಡ್ಡಿಗಳಿಗೆ ಸ್ಟೀಲ್ ಕವಚ ಹಾಕುತ್ತೇವೆ. ಕಳೆದ ಋತುವಿನಲ್ಲಿ ಆರು ಬೋಟುಗಳಲ್ಲಿ ಉಚಿತವಾಗಿ ಅಳವಡಿಸಿದ್ದೆವು, ಒಂದೂ ಕೆಡಲಿಲ್ಲ. ಬಾಗಿಲಿನ ಕೆಳಗೆ 1 ಡಿಗ್ರಿ ಇರುವಾಗಲೇ ಎಂಜಿನ್ ಗೋಡೆಯ ಬಳಿ 7 ಡಿಗ್ರಿ ತೋರಿಸಿದ್ದನ್ನು ನೋಡಿ ಒಬ್ಬ ಮಾಲಕರು ಆ ಗೋಡೆಗೆ ಹೊಸದಾಗಿ ಫೋಮ್ ಹಾಕಿಸಿದರು. ಋತು ಮುಗಿದಾಗ ನಾಲ್ವರು ಪೂರ್ತಿ ಹಣ ಕೊಟ್ಟು ಸಾಧನವನ್ನು ಉಳಿಸಿಕೊಂಡರು. ಇಬ್ಬರು ತಾಂಡೇಲನ ಅನುಭವವೇ ಸಾಕೆಂದರು. ಆರು ಬೋಟುಗಳು ಸಣ್ಣ ಸಂಖ್ಯೆ ಎಂಬುದು ನಮಗೆ ಗೊತ್ತಿದೆ. ಆದರೆ ಒಂದೊಂದು ರೂಪಾಯಿಗೂ ಡೀಸೆಲಿನ ಲೆಕ್ಕ ಹಾಕುವ ಮಾಲಕರು ಕೈಯಿಂದ ಹಣ ಕೊಟ್ಟದ್ದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಒಂದು ಸಾಧನದ ಬೆಲೆ 18,000 ರೂಪಾಯಿ, ನಮಗೆ ತಗಲುವ ವೆಚ್ಚ 11,200. ಎರಡನೆಯ ವರ್ಷದಿಂದ ನಿರ್ವಹಣೆಗೆ ವಾರ್ಷಿಕ 3,000 ಪಡೆಯುತ್ತೇವೆ.

ನಾವು ಕೇಳುತ್ತಿರುವುದು 30 ಲಕ್ಷ ರೂಪಾಯಿ. ಅದಕ್ಕೆ ಪ್ರತಿಯಾಗಿ ಕಂಪನಿಯ ಶೇ. 10 ಪಾಲು ನೀಡುತ್ತೇವೆ. ಇದರಲ್ಲಿ 16.8 ಲಕ್ಷ 150 ಸಾಧನಗಳ ತಯಾರಿಕೆಗೆ, 4.8 ಲಕ್ಷ ಮಲ್ಪೆ ಮತ್ತು ಮಂಗಳೂರು ದಕ್ಕೆಗಳಲ್ಲಿ ತಲಾ ಒಬ್ಬ ತಂತ್ರಜ್ಞರ ಒಂದು ವರ್ಷದ ಸಂಬಳಕ್ಕೆ, ಉಳಿದ 8.4 ಲಕ್ಷ ಪೆಟ್ಟಿಗೆಯ ಅಚ್ಚು ಮತ್ತು ಜಲನಿರೋಧಕ ಪರೀಕ್ಷೆಗಳಿಗೆ. ಸ್ಥಾಪಕರಾದ ನಾವು ಮೂವರೂ ಮೊದಲ ವರ್ಷ ಸಂಬಳ ತೆಗೆದುಕೊಳ್ಳುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಾತ್ರ ಬೋಟುಗಳು ದಡದಲ್ಲಿರುತ್ತವೆ, ಸ್ಟೋರ್ ಖಾಲಿಯಿರುತ್ತದೆ, ಮಾಲಕರು ರಿಪೇರಿಗೆಂದು ಹೇಗೂ ಹಣ ತೆಗೆದಿಟ್ಟಿರುತ್ತಾರೆ. ಅಷ್ಟರೊಳಗೆ ಅಳವಡಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಬಿಡಿಭಾಗಗಳನ್ನು ತರಿಸಿ ಜೋಡಿಸಲು ಎಂಟು ವಾರ ಬೇಕಾಗುವುದರಿಂದ ಮಾರ್ಚ್ ಕೊನೆಯೊಳಗೆ ನಿಮ್ಮ ನಿರ್ಧಾರ ತಿಳಿಸಬೇಕೆಂದು ವಿನಂತಿಸುತ್ತೇನೆ. ಅದಕ್ಕೂ ಮೊದಲು ನಿಮ್ಮಲ್ಲಿ ಯಾರಾದರೂ ಒಂದು ಬೆಳಗ್ಗೆ ಐದು ಗಂಟೆಗೆ ಮಲ್ಪೆ ದಕ್ಕೆಗೆ ಬಂದರೆ, ಸಾಧನ ಉಳಿಸಿಕೊಂಡ ನಾಲ್ವರು ಮಾಲಕರೊಂದಿಗೆ ನೀವೇ ನೇರವಾಗಿ ಮಾತನಾಡಲು ವ್ಯವಸ್ಥೆ ಮಾಡುತ್ತೇನೆ. ಬೇಡವೆಂದ ಇಬ್ಬರನ್ನೂ ಭೇಟಿ ಮಾಡಿಸುತ್ತೇನೆ.