ವಿಷಯ: ತೀರ್ಪಿನ ಸಾರಾಂಶ ಬರೆಯುವ ಕ್ರಮ, ಅನುಮಾನಗಳ ಗುರುತು

ಕಿರಿಯ ಮಿತ್ರರೇ,

ಸೋಮವಾರದಿಂದ ಪ್ರತಿ ಸಾರಾಂಶವೂ ಒಂದೇ ಪುಟದಲ್ಲಿರಲಿ. ಯಾವ ಕಾನೂನು ಪ್ರಶ್ನೆಯ ಮೇಲೆ ಯಾರು ಗೆದ್ದರು ಎಂಬುದು ಮೊದಲ ಸಾಲಿನಲ್ಲೇ ಬರಬೇಕು, ಸಂಗತಿಗಳು ಆಮೇಲೆ. ಪ್ರತಿ ಮಾತಿಗೂ ಪ್ಯಾರಾ ಸಂಖ್ಯೆ ಕೊಡಿ. ತೀರ್ಪಿಗೆ ಆಧಾರವಾದ ಕಾರಣವನ್ನೂ ನ್ಯಾಯಾಧೀಶರು ಪ್ರಾಸಂಗಿಕವಾಗಿ ಆಡಿದ ಮಾತನ್ನೂ ಬೆರೆಸಬೇಡಿ.

ಅನುಮಾನವಿದ್ದರೆ ‘ಬಹುಶಃ’ ಎಂದು ತೇಲಿಸದೆ ಆ ಸಾಲಿನ ಪಕ್ಕದಲ್ಲೇ ಹೀಗೆ ಬರೆಯಿರಿ: ‘ಖಚಿತವಿಲ್ಲ: ಪ್ಯಾರಾ 14 ಉಪಬಾಡಿಗೆದಾರರಿಗೂ ಅನ್ವಯವೇ ಎಂಬುದು ಸ್ಪಷ್ಟವಿಲ್ಲ. ಮೇಲ್ಮನವಿ ಏನಾಯಿತೆಂದು ಇನ್ನೂ ನೋಡಿಲ್ಲ.’ ಕಳೆದ ವಾರ ಇಂಥದೇ ಅನುಮಾನವೊಂದು ಅಡಿಟಿಪ್ಪಣಿಯಲ್ಲಿ ಅಡಗಿತ್ತು; ವಾದದ ಹಿಂದಿನ ರಾತ್ರಿಯಷ್ಟೇ ನನ್ನ ಕಣ್ಣಿಗೆ ಬಿತ್ತು. ಗೊತ್ತಿಲ್ಲ ಎಂದವರನ್ನು ನಾನು ಗದರುವುದಿಲ್ಲ.

ಕೈಯಲ್ಲಿರುವ ಸಾರಾಂಶಗಳನ್ನು ಶುಕ್ರವಾರದೊಳಗೆ ತಿದ್ದಿ ಕಳುಹಿಸಿ.

ಹಿರಿಯ ಪಾಲುದಾರ
ಸಿವಿಲ್ ವಿಭಾಗ