ವಿಷಯ: ಅಕ್ಟೋಬರ್–ಡಿಸೆಂಬರ್ 2025ರ ನನ್ನ ಕಮಿಷನ್ ಸ್ಟೇಟ್‌ಮೆಂಟಿನಲ್ಲಿ ₹34,845 ಕಡಿಮೆ ಬಂದಿದೆ, ದಯವಿಟ್ಟು ನೋಡಿ

ಗಂಗಾವತಿ
19 ಜನವರಿ 2026, ಸೋಮವಾರ

ಅಕೌಂಟ್ಸ್ ವಿಭಾಗ, ಬಳ್ಳಾರಿ ಆಫೀಸು
ಪ್ರತಿ: ಸೇಲ್ಸ್ ಮ್ಯಾನೇಜರ್ ಅವರಿಗೆ

ಸರ್, ನಮಸ್ಕಾರ.

ಜನವರಿ 12ಕ್ಕೆ ನೀವು ಕಳಿಸಿದ ಸ್ಟೇಟ್‌ಮೆಂಟ್ ಸಿಕ್ಕಿದೆ. ನಡುವೆ ಸಂಕ್ರಾಂತಿ ಬಂತು, ಆದ್ದರಿಂದ ಕೂತು ನೋಡೋದು ಎರಡು ದಿನ ತಡ ಆಯ್ತು. ತಕರಾರು ಇದ್ದರೆ 10 ದಿನದೊಳಗೆ ಬರೆದು ತಿಳಿಸಬೇಕು ಅಂತ ನೇಮಕಾತಿ ಪತ್ರದಲ್ಲಿ ಇದೆ, ಅದರೊಳಗೇ ಬರೆಯುತ್ತಿದ್ದೇನೆ. ಶುಕ್ರವಾರ ಫೋನ್ ಮಾಡಿದಾಗ "ಮೇಲ್ ಹಾಕಿ, ನೋಡೋಣ" ಅಂದಿರಿ. ಅದಕ್ಕೇ ಎಲ್ಲಾ ಲೆಕ್ಕ ಬಿಡಿಸಿ ಬರೆದಿದ್ದೇನೆ, ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ.

ನಿಮ್ಮ ಲೆಕ್ಕದ ಪ್ರಕಾರ ನನಗೆ ಕೈಗೆ ಬರೋದು ₹88,635. ನನ್ನ ಬಿಲ್ ಪುಸ್ತಕದ ಪ್ರಕಾರ ಬರಬೇಕಾದದ್ದು ₹1,23,480. ವ್ಯತ್ಯಾಸ ₹34,845.

ಮೊದಲು ಎಲ್ಲಕ್ಕಿಂತ ದೊಡ್ಡ ವಿಷಯ, ಜಿಎಸ್‌ಟಿ. ನಮ್ಮ ಕಮಿಷನ್ ತೆರಿಗೆ ಬಿಟ್ಟು ಉಳಿದ ಬೆಲೆಯ ಮೇಲೆ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನೀವು ಕಳಿಸಿದ ಎಕ್ಸೆಲ್ ಫೈಲಿನಲ್ಲಿ ತೆರಿಗೆ ತೆಗೆಯುವ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲಾ ಸಾಲಿನಲ್ಲೂ ಇದೇ ಫಾರ್ಮುಲಾ ಕಾಣುತ್ತದೆ, ಸಾಲಿನ ನಂಬರ್ ಮಾತ್ರ ಬೇರೆ:

```
=E7/1.12
```

ಇದು ಹಳೆಯ ರೇಟು. ರೋಟವೇಟರ್, ಡ್ರಿಪ್, ಸ್ಪ್ರೇಯರ್ ಮೂರಕ್ಕೂ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ನನ್ನ ಈ ಮೂರು ತಿಂಗಳ ಬಿಲ್ಲುಗಳೆಲ್ಲಾ ಅಕ್ಟೋಬರ್ 1ರ ನಂತರದವು, ಎಲ್ಲದರಲ್ಲೂ 5 ಪರ್ಸೆಂಟೇ ಇದೆ, ಅವನ್ನು ಮಾಡಿಕೊಟ್ಟದ್ದೂ ನಮ್ಮ ಆಫೀಸೇ. ಅಂದಮೇಲೆ ಅಲ್ಲಿ ಇರಬೇಕಾದದ್ದು ಇದು:

```
=E7/1.05
```

ಒಂದು ರೋಟವೇಟರನ್ನೇ ತೆಗೆದುಕೊಳ್ಳಿ. ಮೂಲ ಬೆಲೆ ₹1,20,000. ಮೊದಲು 12 ಪರ್ಸೆಂಟ್ ಸೇರಿ ರೈತರಿಗೆ ₹1,34,400 ಬೀಳುತ್ತಿತ್ತು, ಈಗ 5 ಪರ್ಸೆಂಟ್ ಸೇರಿ ₹1,26,000. ಕಡಿಮೆ ಆದದ್ದು ತೆರಿಗೆ, ಮೂಲ ಬೆಲೆ ಅಲ್ಲ. ಆದರೆ ₹1,26,000ವನ್ನು 1.12ರಿಂದ ಭಾಗಿಸಿದರೆ ₹1,12,500 ಬರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ರೋಟವೇಟರಿಗೂ ಇದೇ ಬೆಲೆ ಹಿಡಿದಿದ್ದೀರಿ. ಸರ್, ಈ ಬೆಲೆಗೆ ನಾವು ಯಾರಿಗೂ ರೋಟವೇಟರ್ ಮಾರಿಲ್ಲ, ಯಾವ ಬಿಲ್ಲಿನಲ್ಲೂ ಈ ಅಂಕಿ ಇಲ್ಲ. ತೆರಿಗೆ ಇಳಿದದ್ದು ರೈತರಿಗೆ ಅನುಕೂಲ ಆಗಲಿ ಅಂತ, ಅದರಿಂದ ಮಾರಿದವನ ಕಮಿಷನ್ ಇಳಿಯಬಾರದು ಅಲ್ವಾ?

ಇದೊಂದರಿಂದಲೇ ಕಮಿಷನ್ನಿನಲ್ಲಿ ₹6,300 ಹೋಗಿದೆ. ನೀವು ಹಿಡಿದ 16 ರೋಟವೇಟರಿನಲ್ಲಿ ₹2,400, ಡ್ರಿಪ್‌ನಲ್ಲಿ ₹2,700, ಸ್ಪ್ರೇಯರಿನಲ್ಲಿ ₹1,200. ಫಾರ್ಮುಲಾ ಎಲ್ಲರ ಶೀಟಿನಲ್ಲೂ ಒಂದೇ ಇರಬಹುದು ಅಂತ ಅನ್ನಿಸುತ್ತದೆ, ಹಾಗಿದ್ದರೆ ಉಳಿದ ಸೇಲ್ಸ್‌ನವರದ್ದೂ ಕಡಿಮೆ ಬಂದಿರುತ್ತದೆ. ಅವರದ್ದನ್ನೂ ಒಮ್ಮೆ ನೋಡಿಬಿಡಿ.

ಎರಡನೆಯದು, 16 ರೋಟವೇಟರ್ ಅಂತ ಇದೆ, ನಾನು ಮಾರಿದ್ದು 18. ಬಿಲ್ ನಂಬರ್ 1187 ಮತ್ತು 1204 ನನ್ನ ಲೆಕ್ಕದಲ್ಲಿ ಇಲ್ಲ, ರಾಯಚೂರಿನ ಸೇಲ್ಸ್‌ನವರ ಲೆಕ್ಕಕ್ಕೆ ಹೋಗಿವೆ. ಎರಡೂ ಸಿಂಧನೂರು ಕಡೆಯ ಒಂದು ಕ್ಯಾಂಪಿನ ಅಣ್ಣತಮ್ಮಂದಿರದ್ದು. ಕೊಟೇಶನ್ ಕೊಟ್ಟದ್ದು ನಾನು, ಗದ್ದೆಯಲ್ಲಿ ಓಡಿಸಿ ತೋರಿಸಿದ್ದು ನಾನು, ಅಡ್ವಾನ್ಸ್ ಹತ್ತು ಹತ್ತು ಸಾವಿರ ಹಾಕಿಸಿದ್ದೂ ನಾನೇ. ನವೆಂಬರಿನಲ್ಲಿ ಗಂಗಾವತಿ ಗೋಡೌನಿನಲ್ಲಿ ಮಾಲು ಖಾಲಿ ಆಗಿತ್ತು, ಆ ರೈತರು ಕಾಯುವ ಹಾಗಿರಲಿಲ್ಲ, ಆದ್ದರಿಂದ ರಾಯಚೂರು ಗೋಡೌನಿನಿಂದ ಗಾಡಿ ಕಳಿಸಿದರು. ಬಿಲ್ ಅಲ್ಲಿಂದ ಆದ ಕೂಡಲೇ ಸಾಫ್ಟ್‌ವೇರ್ ಅಲ್ಲಿನ ಸೇಲ್ಸ್‌ನವರ ಕೋಡ್ ಹಾಕಿಕೊಂಡಿದೆ. ನಮ್ಮ ಪತ್ರದಲ್ಲಿ ಇರೋದು ಆರ್ಡರ್ ತಂದವರಿಗೆ ಕಮಿಷನ್ ಅಂತ, ಮಾಲು ಯಾವ ಗೋಡೌನಿನಿಂದ ಹೋಯ್ತು ಅಂತಲ್ಲ.

ರಾಯಚೂರಿನ ಅಣ್ಣನ ಜೊತೆ ನಾನೇ ಮಾತಾಡಿದ್ದೇನೆ. "ಅದು ನಿನ್ನದೇ ಆರ್ಡರ್, ನನ್ನ ಲೆಕ್ಕಕ್ಕೆ ಹೇಗೆ ಬಂತೋ ಗೊತ್ತಿಲ್ಲ, ಬೇಕಾದರೆ ಬರೆದು ಕೊಡ್ತೀನಿ" ಅಂದರು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಈಗಾಗಲೇ ದುಡ್ಡು ಹಾಕಿದ್ದರೆ ಮುಂದಿನ ತಿಂಗಳು ಏಕಾಏಕಿ ಕತ್ತರಿಸಬೇಡಿ, ಮೊದಲು ಅವರಿಗೆ ಒಂದು ಮಾತು ಹೇಳಿ. ಈ ಎರಡರಿಂದ ನನಗೆ ಬರಬೇಕಾದದ್ದು ₹4,800.

ಇನ್ನು ಟಾರ್ಗೆಟ್ ಬೋನಸ್. ನನಗೆ ಹೆಚ್ಚು ಬೇಜಾರಾದದ್ದು ಇಲ್ಲೇ. ಮೂರು ತಿಂಗಳ ಮಾರಾಟ ತೆರಿಗೆ ಬಿಟ್ಟು 40 ಲಕ್ಷ ದಾಟಿದರೆ ಅರ್ಧ ಪರ್ಸೆಂಟ್ ಹೆಚ್ಚುವರಿ ಅಂತ ಇದೆ. ಸ್ಟೇಟ್‌ಮೆಂಟಿನಲ್ಲಿ ನನ್ನ ಮಾರಾಟ 36,00,000 ಅಂತ ತೋರಿಸಿ, ಬೋನಸ್ ಜಾಗದಲ್ಲಿ ಸೊನ್ನೆ ಹಾಕಿದ್ದೀರಿ. ನಿಜವಾದ ಲೆಕ್ಕ ಹೀಗಿದೆ: ರೋಟವೇಟರ್ 18ಕ್ಕೆ 21,60,000, ಡ್ರಿಪ್ 14,40,000, ಸ್ಪ್ರೇಯರ್ 60ಕ್ಕೆ 4,80,000, ಒಟ್ಟು ₹40,80,000.

ಇಲ್ಲಿ ಒಂದು ವಿಷಯ ಗಮನಿಸಿ. ಜಿಎಸ್‌ಟಿ ಒಂದನ್ನೇ ಸರಿ ಮಾಡಿ ಎರಡು ರೋಟವೇಟರ್ ಬಿಟ್ಟರೆ ಮೊತ್ತ 38,40,000 ಆಗುತ್ತದೆ. ರೋಟವೇಟರ್ ಸೇರಿಸಿ ಜಿಎಸ್‌ಟಿ ಹಾಗೇ ಬಿಟ್ಟರೆ 38,25,000. ಎರಡರಲ್ಲೂ 40 ಲಕ್ಷ ದಾಟೋದಿಲ್ಲ. ಹಾಗಾಗಿ ಒಂದನ್ನು ಸರಿ ಮಾಡಿ "ಆದರೂ ಟಾರ್ಗೆಟ್ ಆಗಿಲ್ಲ" ಅಂತ ಫೈಲ್ ಮುಚ್ಚಬೇಡಿ, ಎರಡನ್ನೂ ಒಟ್ಟಿಗೆ ಸರಿ ಮಾಡಿಯೇ ನೋಡಬೇಕು.

ಫೋನಿನಲ್ಲಿ ನೀವು ಇನ್ನೊಂದು ಮಾತು ಹೇಳಿದಿರಿ, ದಾಟಿದ್ದರೂ 40 ಲಕ್ಷದ ಮೇಲಿನ ಮೊತ್ತಕ್ಕೆ ಮಾತ್ರ ಬೋನಸ್ ಅಂತ. ಹಾಗೆ ಹಿಡಿದರೆ 80,000ಕ್ಕೆ ಬರೋದು ಬರೀ ₹400. ಆದರೆ ಪತ್ರದ 6ನೇ ಕಲಮಿನಲ್ಲಿ "ಪೂರ್ತಿ ಮಾರಾಟದ ಮೇಲೆ" ಅಂತ ಸ್ಪಷ್ಟವಾಗಿ ಬರೆದಿದೆ. ಹಿಂದೆ 2024ರ ಜುಲೈ–ಸೆಪ್ಟೆಂಬರಿನಲ್ಲಿ ನನ್ನ ಮಾರಾಟ 42,50,000 ಆಗಿದ್ದಾಗ ನೀವೇ ₹21,250 ಬೋನಸ್ ಕೊಟ್ಟಿದ್ದೀರಿ, ಅದು ಪೂರ್ತಿ ಮೊತ್ತದ ಅರ್ಧ ಪರ್ಸೆಂಟೇ. ನಡುವೆ ನಿಯಮ ಬದಲಾಗಿದ್ದರೆ ನಮಗೆ ಯಾರೂ ತಿಳಿಸಿಲ್ಲ, ಯಾವ ಪತ್ರವೂ ಬಂದಿಲ್ಲ. ಆದ್ದರಿಂದ ಈ ಸಲದ ಬೋನಸ್ ₹20,400 ಆಗಬೇಕು.

ಈ 40 ಲಕ್ಷ ಸುಮ್ನೆ ಆದದ್ದಲ್ಲ ಸರ್. ತುಂಗಭದ್ರಾ ಡ್ಯಾಮಿನ ಗೇಟ್ ಬದಲಿಸುವ ಕೆಲಸಕ್ಕಾಗಿ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಅಂತ ಗೊತ್ತಾದ ಮೇಲೆ ಗಂಗಾವತಿ, ಕಾರಟಗಿ ಕಡೆ ಭತ್ತದ ರೈತರು ಕೈ ಬಿಗಿ ಹಿಡಿದುಬಿಟ್ಟರು. ಬುಕ್ ಮಾಡಿದವರೇ "ಮುಂದಿನ ಮುಂಗಾರಿಗೆ ನೋಡೋಣ ಬಿಡ್ರಿ" ಅಂತ ವಾಪಸ್ ಹೋದರು. ಆಗ ನಾನು ಕುಷ್ಟಗಿ ಕಡೆ ದಾಳಿಂಬೆ ತೋಟಗಳಿಗೆ ಡ್ರಿಪ್ ಹಿಡಿದುಕೊಂಡು ತಿರುಗಿದೆ, ಸಿರುಗುಪ್ಪ ಕಡೆ ಮೆಣಸಿನಕಾಯಿ ಹೊಲಗಳಿಗೆ ಸ್ಪ್ರೇಯರ್ ಕೊಟ್ಟೆ. ಜನವರಿಯಿಂದ ಮಾರ್ಚ್‌ವರೆಗೆ ಮಾರಾಟ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಆ ಮೂರು ತಿಂಗಳು ಮನೆ ನಡೆಯಬೇಕಾದದ್ದು ಈ ದುಡ್ಡಿನಲ್ಲೇ.

ಸ್ಪ್ರೇಯರ್ ವಾಪಸ್ ಅಂತ ₹1,200 ಕಡಿತ ಇದೆ, ಅದೂ ಸರಿಯಿಲ್ಲ. ಆ ನಾಲ್ಕು ಸ್ಪ್ರೇಯರಿನಲ್ಲಿ ಪಂಪ್ ಕೆಟ್ಟಿತ್ತು, ಅದೇ ವಾರ ವಾರಂಟಿಯಲ್ಲಿ ಹೊಸದು ಕೊಟ್ಟೆವು. ಗಿರಾಕಿಗೆ ಒಂದು ರೂಪಾಯಿಯೂ ವಾಪಸ್ ಹೋಗಿಲ್ಲ, ಮಾರಾಟ ಹಾಗೇ ನಿಂತಿದೆ. ಆದರೆ ಅಕ್ಟೋಬರಿನಲ್ಲಿ ಕುಷ್ಟಗಿಯ ಒಂದು ಡ್ರಿಪ್ ಬಿಲ್ ರದ್ದಾಯ್ತಲ್ಲ, ಅದನ್ನು ನೀವು ತೆಗೆದದ್ದು ಸರಿಯೇ, ನಾನೂ ಮೇಲಿನ ಲೆಕ್ಕದಲ್ಲಿ ಹಿಡಿದಿಲ್ಲ.

ಕೊನೆಗೆ ಟಿಡಿಎಸ್. 5 ಪರ್ಸೆಂಟ್ ಅಂತ ₹4,665 ಹಿಡಿದಿದ್ದೀರಿ. ನಾನು ಸಂಬಳದವನಲ್ಲ, ಕಮಿಷನ್ ಮೇಲೆ ಇರುವವನು, ನಿಮ್ಮ ಸ್ಟೇಟ್‌ಮೆಂಟಿನಲ್ಲೂ 194ಎಚ್ ಅಂತಲೇ ಇದೆ. 194ಎಚ್‌ನಲ್ಲಿ ರೇಟು 2024ರ ಅಕ್ಟೋಬರ್ 1ರಿಂದ 2 ಪರ್ಸೆಂಟ್. ನನ್ನ ಪ್ಯಾನ್ ನಿಮ್ಮ ಹತ್ತಿರ ಇದೆ. ಹೆಚ್ಚು ಹಿಡಿದದ್ದು ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ ಅಂತ ನೀವು ಹೇಳಬಹುದು, ನಿಜ, ಆದರೆ ಅಲ್ಲಿಯವರೆಗೆ ಆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಜನವರಿಯಲ್ಲಿ ಹಿಡಿದ ಟಿಡಿಎಸ್ ಕಟ್ಟಲು ಫೆಬ್ರವರಿ 7ರವರೆಗೆ ಸಮಯ ಇದೆ, ಅದಕ್ಕೆ ಮೊದಲೇ ಸರಿ ಮಾಡಿದರೆ ಇಬ್ಬರಿಗೂ ಸುಲಭ.

ಒಟ್ಟು ಲೆಕ್ಕ: ರೋಟವೇಟರ್ 2 ಪರ್ಸೆಂಟಿನಂತೆ 43,200, ಡ್ರಿಪ್ 3 ಪರ್ಸೆಂಟಿನಂತೆ 43,200, ಸ್ಪ್ರೇಯರ್ 4 ಪರ್ಸೆಂಟಿನಂತೆ 19,200, ಸೇರಿ 1,05,600. ಬೋನಸ್ 20,400 ಕೂಡಿದರೆ 1,26,000. ಟಿಡಿಎಸ್ 2,520 ಕಳೆದರೆ ₹1,23,480.

ಎಲ್ಲಾ ಬಿಲ್ಲಿನ ಫೋಟೋ, ಆ ಎರಡು ರೋಟವೇಟರಿನ ಕೊಟೇಶನ್ ಮತ್ತು ಅಡ್ವಾನ್ಸ್ ಬಂದ ಸ್ಕ್ರೀನ್‌ಶಾಟ್, ಸ್ಪ್ರೇಯರ್ ಬದಲಿಸಿದ ಚಲನ್, ನೇಮಕಾತಿ ಪತ್ರದ 6ನೇ ಕಲಮು, 2024ರ ಹಳೆಯ ಸ್ಟೇಟ್‌ಮೆಂಟ್ ಎಲ್ಲಾ ಇದರ ಜೊತೆ ಲಗತ್ತಿಸಿದ್ದೇನೆ. ನನ್ನ ಲೆಕ್ಕದಲ್ಲಿ ಎಲ್ಲಾದರೂ ತಪ್ಪು ಕಂಡರೆ ಯಾವ ಬಿಲ್, ಎಷ್ಟು ಅಂತ ಬರೆದು ತಿಳಿಸಿ, ಒಪ್ಪಿಕೊಳ್ಳುತ್ತೇನೆ.

ತಿದ್ದಿದ ಸ್ಟೇಟ್‌ಮೆಂಟನ್ನು ಜನವರಿ 28ರೊಳಗೆ ಕಳಿಸಿಕೊಡಿ. ತಕರಾರಿಲ್ಲದ ₹88,635 ಅನ್ನು ಅದಕ್ಕಾಗಿ ತಡೆಹಿಡಿಯಬೇಡಿ, ಈ ವಾರವೇ ಹಾಕಿಬಿಡಿ, ಉಳಿದದ್ದು ಆಮೇಲೆ ಬರಲಿ. ಅದನ್ನು ತೆಗೆದುಕೊಂಡೆ ಅಂತ ಈ ಸ್ಟೇಟ್‌ಮೆಂಟ್ ಒಪ್ಪಿದ ಹಾಗಲ್ಲ, ಇದನ್ನು ಇಲ್ಲೇ ಬರೆದಿಟ್ಟಿದ್ದೇನೆ. ಎದುರು ಕೂತು ನೋಡೋಣ ಅಂದರೆ ಗುರುವಾರ ನಾನು ಬಳ್ಳಾರಿಗೆ ಬರುತ್ತೇನೆ, ಬೆಳಿಗ್ಗೆ 11ಕ್ಕೆ ಬಿಲ್ ಪುಸ್ತಕ ತಗೊಂಡೇ ಆಫೀಸಿನಲ್ಲಿ ಇರುತ್ತೇನೆ. ಆಗುತ್ತದೋ ಇಲ್ಲವೋ ಬುಧವಾರ ಸಂಜೆಯೊಳಗೆ ತಿಳಿಸಿ.

ಇಂತಿ,
ಶರಣಪ್ಪ
ಸೇಲ್ಸ್, ಗಂಗಾವತಿ–ಸಿಂಧನೂರು ಲೈನ್